ಸಮನ್ಸಿನ ಜೊತೆಗೆ ಇನ್ನೊಂದು ಹಾಳೆ ಕಳುಹಿಸಿ: ಜಿಲ್ಲಾ ಸಾಕ್ಷಿ ಸಂರಕ್ಷಣಾ ಸಮಿತಿಗೆ ಒಂದು ಬಹಿರಂಗ ಪತ್ರ

ಮಾನ್ಯ ಪ್ರಧಾನ ಜಿಲ್ಲಾ ಮತ್ತು ಸೆಷನ್ಸ್ ನ್ಯಾಯಾಧೀಶರಿಗೆ, ಪೊಲೀಸ್ ವರಿಷ್ಠಾಧಿಕಾರಿಗಳಿಗೆ ಮತ್ತು ಜಿಲ್ಲೆಯ ಅಭಿಯೋಜನಾ ಮುಖ್ಯಸ್ಥರಿಗೆ,

ನಿಮ್ಮ ಮೂವರನ್ನು ಒಟ್ಟಿಗೆ ಸಂಬೋಧಿಸಲು ಕಾರಣವಿದೆ. 2018ರ ಸಾಕ್ಷಿ ಸಂರಕ್ಷಣಾ ಯೋಜನೆಯ ಪ್ರಕಾರ ನೀವು ಮೂವರೇ ಜಿಲ್ಲೆಯ ಸಕ್ಷಮ ಪ್ರಾಧಿಕಾರ. ನ್ಯಾಯಾಧೀಶರು ಅಧ್ಯಕ್ಷರು, ಪೊಲೀಸ್ ಮುಖ್ಯಸ್ಥರು ಸದಸ್ಯರು, ಸರ್ಕಾರದ ಪರವಾಗಿ ಮೊಕದ್ದಮೆ ನಡೆಸುವ ಅಭಿಯೋಜನಾ ವಿಭಾಗದ ಮುಖ್ಯಸ್ಥರು ಸದಸ್ಯ ಕಾರ್ಯದರ್ಶಿ. ಬೆದರಿಕೆಗೆ ಒಳಗಾದ ಸಾಕ್ಷಿದಾರರೊಬ್ಬರು ಈ ಜಿಲ್ಲೆಯಲ್ಲಿ ತಟ್ಟಬೇಕಾದ ಬಾಗಿಲು ನಿಮ್ಮದು. ಆದರೆ ಆ ಬಾಗಿಲು ಎಲ್ಲಿದೆ ಎಂಬುದು ಅವರಿಗೆ ಗೊತ್ತಿಲ್ಲ. ತಾಲ್ಲೂಕು ಮತ್ತು ಜಿಲ್ಲಾ ನ್ಯಾಯಾಲಯಗಳಲ್ಲಿ ಇಪ್ಪತ್ತೆರಡು ವರ್ಷ ವಕೀಲಿಕೆ ಮಾಡಿದ ನನಗೂ ಬಹುಕಾಲ ಸರಿಯಾಗಿ ಗೊತ್ತಿರಲಿಲ್ಲ. ಒಬ್ಬ ಹೆಂಗಸಿನ ಕಾರಣದಿಂದ ಕಲಿತೆ. ಕಲಿತದ್ದನ್ನು ಸಾರ್ವಜನಿಕವಾಗಿ ಬರೆಯುತ್ತಿದ್ದೇನೆ. ನಿಮಗೆ ಬರೆದ ಪತ್ರವನ್ನು ಸಾಕ್ಷಿ ಹೇಳಬೇಕಾದವರೂ ಓದಲಿ ಎಂಬುದು ನನ್ನ ಆಸೆ.

ಆಕೆ ಬಸ್ ನಿಲ್ದಾಣದ ಎದುರು ಸಣ್ಣ ಚಹಾ ಹೋಟೆಲು ನಡೆಸುತ್ತಾರೆ. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಜಮೀನಿನ ಜಗಳದಲ್ಲಿ ಒಬ್ಬನನ್ನು ಹಗಲು ಹೊತ್ತಿನಲ್ಲೇ ಮಚ್ಚಿನಿಂದ ಕಡಿದು ಕೊಂದದ್ದನ್ನು ಅವರು ಕಣ್ಣಾರೆ ಕಂಡಿದ್ದರು. ಮರುದಿನ ಪೊಲೀಸರಿಗೆ ಹೇಳಿಕೆ ಕೊಟ್ಟರು. ಹತ್ತು ದಿನಗಳ ನಂತರ ಮ್ಯಾಜಿಸ್ಟ್ರೇಟರ ಮುಂದೆ ಪ್ರಮಾಣ ಮಾಡಿ ಅದನ್ನೇ ಹೇಳಿದರು. ಆಗ ಅವರಿಗೆ ಹೆದರಿಕೆಯೇ ಇರಲಿಲ್ಲ. ಆರೋಪಿಗಳು ಜೈಲಿನಲ್ಲಿದ್ದರು, ಊರು ಇವರ ಪರವಾಗಿತ್ತು.

ಹೆದರಿಕೆ ಶುರುವಾದದ್ದು ದೋಷಾರೋಪ ಪಟ್ಟಿ ಸಲ್ಲಿಕೆಯಾದ ಮೇಲೆ. ಕಾನೂನಿನ ಪ್ರಕಾರ ಅದರ ಪ್ರತಿ ಆರೋಪಿಗಳ ಕೈಗೆ ಹೋಗಲೇಬೇಕು. ಅದರಲ್ಲಿ ಸಾಕ್ಷಿಗಳ ಪಟ್ಟಿಯಿರುತ್ತದೆ, ಯಾರು ಏನು ಹೇಳಿದ್ದಾರೆ ಎಂಬುದೂ ಇರುತ್ತದೆ. ಪ್ರಕರಣ ಯಾರ ಮಾತಿನ ಮೇಲೆ ನಿಂತಿದೆ ಎಂಬುದು ಆ ದಿನ ಆರೋಪಿಗಳಿಗೆ ಖಚಿತವಾಗುತ್ತದೆ. ಏಳು ತಿಂಗಳ ನಂತರ ಇಬ್ಬರು ಆರೋಪಿಗಳಿಗೆ ಜಾಮೀನು ಸಿಕ್ಕಿತು. ಮೊದಲು ಬಂದವನು ಆರೋಪಿಗಳ ಸಂಬಂಧಿಕ. ಚಹಾ ಕುಡಿದು, ದುಡ್ಡು ಕೊಟ್ಟು, ಮೃದುವಾಗಿಯೇ ಹೇಳಿದ: "ಅಕ್ಕಾ, ಜನ ಸೇರಿದ್ದರು, ಮುಖ ಸರಿಯಾಗಿ ಕಾಣಲಿಲ್ಲ ಎಂದರೆ ಸಾಕು. ನೀವು ಸುಳ್ಳು ಹೇಳಿದಂತೆಯೂ ಆಗುವುದಿಲ್ಲ." ಎರಡನೆಯ ಸಲ ಬಂದವನು ಹೋಟೆಲಿಗೆ ಬರಲಿಲ್ಲ. ಶಾಲೆಯಿಂದ ಬರುತ್ತಿದ್ದ ಮಗನನ್ನು ದಾರಿಯಲ್ಲಿ ನಿಲ್ಲಿಸಿ, ದಿನಾ ಯಾವ ಬಸ್ಸಿಗೆ ಬರುತ್ತೀಯ ಎಂದು ಕೇಳಿದ. ಅಷ್ಟೇ. ಆ ರಾತ್ರಿ ಅವರು ನಿದ್ದೆ ಮಾಡಲಿಲ್ಲ.

ಠಾಣೆಗೆ ಹೋದರು. "ಹೊಡೆದಿದ್ದಾರೆಯೇ? ಬೈದಿದ್ದಾರೆಯೇ? ಹಾಗಾದರೆ ಏನೆಂದು ಬರೆದುಕೊಳ್ಳುವುದು? ಇನ್ನೊಮ್ಮೆ ಬಂದರೆ ಹೇಳಿ" ಎಂದು ಕಳುಹಿಸಿದರು. ಸಮನ್ಸ್ ಬಂದಾಗ ಅದನ್ನು ಹಿಡಿದುಕೊಂಡು ನನ್ನ ಕಚೇರಿಗೆ ಬಂದರು. ಅವರು ಕೇಳಿದ್ದು ಒಂದೇ ಪ್ರಶ್ನೆ: "ವಕೀಲರೇ, ಹೋಗದಿದ್ದರೆ ಏನಾಗುತ್ತದೆ?"

ಹೋಗದಿದ್ದರೆ ವಾರಂಟ್ ಬರುತ್ತದೆ. ಹೋಗಿ ಮ್ಯಾಜಿಸ್ಟ್ರೇಟರ ಮುಂದೆ ಹೇಳಿದ್ದಕ್ಕೆ ವಿರುದ್ಧವಾಗಿ ಹೇಳಿದರೆ, ಸುಳ್ಳು ಸಾಕ್ಷ್ಯದ ಪ್ರಕರಣ ಅವರ ಮೇಲೆಯೇ ತಿರುಗಬಹುದು. ಒಂದು ಕಡೆ ಮಚ್ಚು, ಇನ್ನೊಂದು ಕಡೆ ಕಾನೂನು. ನಡುವೆ ಚಹಾ ಮಾರುವ ಒಬ್ಬ ತಾಯಿ. ಇಂಥ ಹೊತ್ತಿಗೆಂದೇ ಇರುವ ದಾರಿಯನ್ನು ಅಂದಿನವರೆಗೆ ಯಾರೂ ಅವರಿಗೆ ಹೇಳಿರಲಿಲ್ಲ.

ಆ ದಾರಿ ಹೊಸದಲ್ಲ. ಮಹೇಂದ್ರ ಚಾವ್ಲಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2018ರ ಡಿಸೆಂಬರ್ 5ರಂದು ಸಾಕ್ಷಿ ಸಂರಕ್ಷಣಾ ಯೋಜನೆಗೆ ಒಪ್ಪಿಗೆ ನೀಡಿತು. ಸಂಸತ್ತು ಅಥವಾ ರಾಜ್ಯಗಳು ಕಾನೂನು ಮಾಡುವವರೆಗೆ ಇದೇ ದೇಶದ ಕಾನೂನು ಎಂದು ಘೋಷಿಸಿತು. ಆ ಪೀಠದ ಇಬ್ಬರು ನ್ಯಾಯಮೂರ್ತಿಗಳಲ್ಲಿ ಒಬ್ಬರು ನಮ್ಮ ಕರಾವಳಿಯವರಾದ ಎಸ್. ಅಬ್ದುಲ್ ನಜೀರ್, ಇನ್ನೊಬ್ಬರು ಎ.ಕೆ. ಸಿಕ್ರಿ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 398ನೇ ಕಲಂ, ಪ್ರತಿ ರಾಜ್ಯವೂ ಇಂಥ ಯೋಜನೆಯನ್ನು ರೂಪಿಸಿ ಅಧಿಸೂಚನೆ ಹೊರಡಿಸಲೇಬೇಕು ಎನ್ನುತ್ತದೆ. ನಾನಿಲ್ಲಿ ಹೇಳುವುದೆಲ್ಲ 2018ರ ಯೋಜನೆಯ ಕ್ರಮ.

ಎಲ್ಲ ಪ್ರಕರಣಗಳಿಗೂ ಅದು ಅನ್ವಯಿಸುವುದಿಲ್ಲ. ಮರಣದಂಡನೆ, ಜೀವಾವಧಿ ಅಥವಾ ಏಳು ವರ್ಷ ಮತ್ತು ಅದಕ್ಕೂ ಹೆಚ್ಚಿನ ಶಿಕ್ಷೆಯಿರುವ ಅಪರಾಧಗಳು, ಹೆಣ್ಣುಮಕ್ಕಳ ಮಾನಕ್ಕೆ ಕುಂದು ತರುವ, ಬೆನ್ನಟ್ಟಿ ಕಾಡುವ ಬಗೆಯ ಕೆಲವು ಅಪರಾಧಗಳು ಅದರ ವ್ಯಾಪ್ತಿಯಲ್ಲಿವೆ. ಸಣ್ಣ ಹೊಡೆದಾಟದ ಸಾಕ್ಷಿಗೆ ಬೆದರಿಕೆ ಬಂದರೆ ಈ ಅರ್ಜಿ ನಡೆಯುವುದಿಲ್ಲ, ಪೊಲೀಸ್ ದೂರಿನ ದಾರಿಯನ್ನೇ ಹಿಡಿಯಬೇಕು. ಪರಿಶಿಷ್ಟರ ಮೇಲಿನ ದೌರ್ಜನ್ಯದ ಪ್ರಕರಣವಾದರೆ ಆ ಕಾಯ್ದೆಯ 15ಎ ಕಲಮಿನಲ್ಲಿ ಸಂತ್ರಸ್ತರ ಮತ್ತು ಸಾಕ್ಷಿಗಳ ರಕ್ಷಣೆಗೆ ಪ್ರತ್ಯೇಕ ಹಕ್ಕುಗಳಿವೆ. ನಮ್ಮದು ಕೊಲೆ ಪ್ರಕರಣವಾದ್ದರಿಂದ ಅರ್ಹತೆಯ ಪ್ರಶ್ನೆಯೇ ಬರಲಿಲ್ಲ.

ಮೊದಲ ತಪ್ಪು ಮಾಡಿದವನು ನಾನೇ. ಅಭ್ಯಾಸಬಲದಿಂದ, ವಿಚಾರಣೆ ನಡೆಸುತ್ತಿದ್ದ ನ್ಯಾಯಾಲಯಕ್ಕೆ ಒಂದು ಮೆಮೊ ಕೊಟ್ಟೆ. ಅದು ಕಡತ ಸೇರಿತು. ಅದರ ಪ್ರತಿ ಎದುರು ಪಕ್ಷದ ವಕೀಲರಿಗೂ ಹೋಯಿತು. ಬೆದರಿಕೆಯ ವಿಷಯ ಬೆದರಿಸಿದವರಿಗೇ ಮೊದಲು ತಿಳಿಯಿತು. ಯೋಜನೆಯ ಅರ್ಜಿ ಹೋಗಬೇಕಾದದ್ದು ಸಮಿತಿಗೆ, ಅದೂ ಸದಸ್ಯ ಕಾರ್ಯದರ್ಶಿಯಾದ ಅಭಿಯೋಜನಾ ಮುಖ್ಯಸ್ಥರ ಮೂಲಕ. ಅಲ್ಲಿ ವಿಚಾರಣೆ ಮುಚ್ಚಿದ ಬಾಗಿಲಿನ ಹಿಂದೆ ನಡೆಯುತ್ತದೆ. ಸಾಕ್ಷಿದಾರರೇ ಅರ್ಜಿ ಹಾಕಬೇಕೆಂದಿಲ್ಲ. ಮನೆಯವರು ಹಾಕಬಹುದು, ನೇಮಿಸಿಕೊಂಡ ವಕೀಲರು ಹಾಕಬಹುದು. ತನಿಖಾಧಿಕಾರಿ, ಠಾಣಾಧಿಕಾರಿ ಅಥವಾ ಉಪವಿಭಾಗದ ಪೊಲೀಸ್ ಅಧಿಕಾರಿಯೂ ಹಾಕಬಹುದು. ಕೊನೆಯ ಈ ಮಾತನ್ನು, ಪೊಲೀಸ್ ವರಿಷ್ಠಾಧಿಕಾರಿಗಳೇ, ದಯವಿಟ್ಟು ಗಮನಿಸಿ. "ಇನ್ನೊಮ್ಮೆ ಬಂದರೆ ಹೇಳಿ" ಎಂದ ಠಾಣೆಯೇ ಅಂದು ಆ ಅರ್ಜಿಯನ್ನು ಹಾಕಬಹುದಿತ್ತು.

ಎರಡನೆಯ ತಪ್ಪೂ ನನ್ನದೇ. ಮೊದಲ ಕರಡಿನಲ್ಲಿ "ಆರೋಪಿಗಳ ಕಡೆಯವರಿಂದ ಅರ್ಜಿದಾರರಿಗೆ ಪ್ರಾಣ ಬೆದರಿಕೆ ಇರುತ್ತದೆ" ಎಂದು ಬರೆದಿದ್ದೆ. ವಕೀಲರೆಲ್ಲ ಬರೆಯುವ ವಾಕ್ಯವೇ ಅದು. ಯಾವ ಅಧಿಕಾರಿಯೂ ಅದನ್ನು ಹಿಡಿದುಕೊಂಡು ಎಲ್ಲಿಗೂ ಹೋಗಲಾರ. ಯೋಜನೆಯ ನಮೂನೆಯನ್ನು ತೆಗೆದು ನೋಡಿದರೆ ಅದು ಕೇಳುವುದೇ ಬೇರೆ. ಸಾಕ್ಷಿಯ ಮತ್ತು ಬೆದರಿಕೆಗೆ ಒಳಗಾದ ಮನೆಯವರ ವಿವರ, ಎಫ್‌ಐಆರ್ ಸಂಖ್ಯೆ, ಠಾಣೆ, ಆರೋಪಿಯ ವಿವರ, ಬೆದರಿಕೆ ಹಾಕಿದವರ ಅಥವಾ ಹಾಕಿದ್ದಾರೆಂದು ಶಂಕೆಯಿರುವವರ ವಿವರ. ಅದಾದ ಮೇಲೆ ಮುಖ್ಯವಾದದ್ದು: ಬೆದರಿಕೆ ಯಾವ ದಿನ, ಯಾವ ಜಾಗದಲ್ಲಿ, ಯಾವ ರೀತಿಯಲ್ಲಿ, ಯಾವ ಮಾತುಗಳಲ್ಲಿ ಬಂತು. ಕೊನೆಯಲ್ಲಿ, ಯಾವ ಬಗೆಯ ರಕ್ಷಣೆ ಬೇಕು, ತುರ್ತಾಗಿ ಏನು ಬೇಕು.

ಹೋಟೆಲಿನ ಅಮ್ಮನನ್ನು ಕೂರಿಸಿಕೊಂಡು ಎರಡು ಗಂಟೆ ಕೇಳಿದೆ. ದಿನಾಂಕ ಅವರಿಗೆ ನೆನಪಿರಲಿಲ್ಲ. ಆದರೆ ಆ ಸಂಬಂಧಿಕ ಬಂದದ್ದು ಸಂತೆಯ ಮರುದಿನ ಎಂಬುದು ನೆನಪಿತ್ತು. ಹಾಲಿನವನು ಆಗತಾನೇ ಬಂದಿದ್ದ ಎಂಬುದೂ ನೆನಪಿತ್ತು. ಮಗನನ್ನು ತಡೆದದ್ದು ಪರೀಕ್ಷೆಯ ಎರಡನೆಯ ದಿನ, ಸಂಜೆ ನಾಲ್ಕೂವರೆಗೆ, ಕೆರೆ ಏರಿಯ ತಿರುವಿನಲ್ಲಿ. ಬೈಕಿನ ಬಣ್ಣ ಹುಡುಗನಿಗೆ ಗೊತ್ತಿತ್ತು, ಸಂಖ್ಯೆಯ ಕೊನೆಯ ಎರಡು ಅಂಕಿಗಳೂ ಗೊತ್ತಿದ್ದವು. ಮೂರು ಸಲ ಬಂದ ಕರೆಗಳ ದಿನಾಂಕ, ಸಮಯ ಎರಡೂ ಮೊಬೈಲಿನಲ್ಲೇ ಇದ್ದವು. ಹೀಗೆ ಬಿಡಿಸಿ ಬರೆದಾಗ "ಯಾವ ಬಸ್ಸಿಗೆ ಬರುತ್ತೀಯ" ಎಂಬ ಮಾತಿನ ಭಾರ ಕಾಗದದ ಮೇಲೂ ಕಂಡಿತು. ಒಂದೊಂದಾಗಿ ನೋಡಿದರೆ ಯಾವುದೂ ಬೆದರಿಕೆಯಂತೆ ಕಾಣುವುದಿಲ್ಲ. ಜಾಮೀನು ಸಿಕ್ಕ ದಿನ, ಸಮನ್ಸ್ ಬಂದ ದಿನಗಳ ಪಕ್ಕದಲ್ಲಿಟ್ಟು ಸಾಲಾಗಿ ಓದಿದರೆ ಬೇರೆ ಅರ್ಥವೇ ಹೊರಡುವುದಿಲ್ಲ.

ಇಲ್ಲಿ ಸಾಕ್ಷಿದಾರರಿಗೆ ಒಂದು ಮಾತು. ಬಂದ ಸಂದೇಶವನ್ನು ಹೆದರಿ ಅಳಿಸಬೇಡಿ. ಚಿತ್ರ ತೆಗೆದು ಬೇರೆಯವರಿಗೆ ಕಳುಹಿಸಿದರೆ ಸಾಲದು, ಮೂಲ ಫೋನನ್ನೇ ಇಟ್ಟುಕೊಳ್ಳಿ. ರಾಜಿ ಪಂಚಾಯಿತಿಗೆ ಕರೆದರೆ ಹೋಗಬೇಡಿ, ಯಾವ ನೆಪದಲ್ಲಿ ಕೊಟ್ಟರೂ ಹಣ ಮುಟ್ಟಬೇಡಿ. ಹಣ ಮುಟ್ಟಿದ ಮೇಲೆ ನಿಮ್ಮ ಭಯವನ್ನು ಯಾರೂ ನಂಬುವುದಿಲ್ಲ.

ಅರ್ಜಿ ತಲುಪಿದ ಮೇಲಿನ ಗಡುವುಗಳು ಸ್ಪಷ್ಟವಾಗಿವೆ. ಸದಸ್ಯ ಕಾರ್ಯದರ್ಶಿ ಕೂಡಲೇ ಆ ಉಪವಿಭಾಗದ ಪೊಲೀಸ್ ಅಧಿಕಾರಿಯಿಂದ ಬೆದರಿಕೆ ವಿಶ್ಲೇಷಣಾ ವರದಿ ತರಿಸಿಕೊಳ್ಳಬೇಕು. ಆ ವರದಿ ಐದು ಕೆಲಸದ ದಿನಗಳಲ್ಲಿ ಬರಬೇಕು. ಬಂದ ಮೇಲೆ ಇನ್ನು ಐದು ಕೆಲಸದ ದಿನಗಳಲ್ಲಿ ಅರ್ಜಿ ಇತ್ಯರ್ಥವಾಗಬೇಕು. ಈ ನಡುವೆ ಸಮಿತಿಯು ಸಾಕ್ಷಿಯೊಂದಿಗೆ, ಸಾಧ್ಯವಾದರೆ ಮುಖಾಮುಖಿಯಾಗಿಯೇ, ಮಾತನಾಡಬೇಕು. ಅಪಾಯ ಹತ್ತಿರದಲ್ಲಿದೆ ಎನಿಸಿದರೆ ವರದಿಗೆ ಕಾಯದೆ ಮಧ್ಯಂತರ ರಕ್ಷಣೆ ಕೊಡುವ ಅಧಿಕಾರ ಸಮಿತಿಗಿದೆ. ಹೀಗಾಗಿ ಅರ್ಜಿಯಲ್ಲಿ ತುರ್ತು ರಕ್ಷಣೆಯ ಜಾಗವನ್ನು ಖಾಲಿ ಬಿಡುವುದು ದೊಡ್ಡ ತಪ್ಪು. ಅಮ್ಮನ ಅರ್ಜಿಯಲ್ಲಿ ನಾನು ಎರಡನ್ನೇ ಕೇಳಿದೆ: ಮಗ ಶಾಲೆ ಬಿಟ್ಟು ಮನೆ ತಲುಪುವ ಹೊತ್ತಿಗೆ ಆ ರಸ್ತೆಯಲ್ಲಿ ಗಸ್ತು, ಮತ್ತು ರಾತ್ರಿಯೂ ಕರೆ ತೆಗೆದುಕೊಳ್ಳುವ ಒಬ್ಬ ಅಧಿಕಾರಿಯ ನಂಬರು. ಎರಡೂ ಮೂರನೆಯ ದಿನ ಸಿಕ್ಕವು. ಗೌರವದಿಂದ ಇದನ್ನು ನೆನೆಯುತ್ತೇನೆ.

ಆದರೆ ವರದಿ ತಯಾರಾದ ರೀತಿಯನ್ನು ನೀವು ಕೇಳಲೇಬೇಕು. ವಿಚಾರಿಸಲು ಬಂದ ಸಿಬ್ಬಂದಿ ಸಮವಸ್ತ್ರದಲ್ಲಿ, ಜೀಪಿನಲ್ಲಿ, ಬೆಳಗಿನ ಜನಜಂಗುಳಿಯ ಹೊತ್ತಿನಲ್ಲಿ ಹೋಟೆಲಿನ ಮುಂದೆಯೇ ಇಳಿದರು. ಗಿರಾಕಿಗಳ ನಡುವೆ ನಿಂತು "ನಿಮಗೆ ಯಾರಿಂದ ಬೆದರಿಕೆ?" ಎಂದು ಕೇಳಿದರು. "ಯಾರಿಂದಲೂ ಇಲ್ಲ ಸ್ವಾಮಿ" ಎಂದರು ಆಕೆ. ಬೇರೇನು ಹೇಳಿಯಾರು? ಆ ಉತ್ತರ ವರದಿಗೆ ಹೋಗಿದ್ದರೆ ಅರ್ಜಿ ಅಲ್ಲಿಗೇ ಸಾಯುತ್ತಿತ್ತು. ಅಂದೇ ಸಂಜೆ ಲಿಖಿತ ಮನವಿ ಕೊಟ್ಟು, ಅವರ ಮಾತನ್ನು ಬೇರೆ ಜಾಗದಲ್ಲಿ ಮತ್ತೆ ಕೇಳುವಂತೆ ಮಾಡಿದೆ. ವರದಿಯನ್ನು ಪೂರ್ಣ ಗೋಪ್ಯವಾಗಿ ತಯಾರಿಸಬೇಕೆಂದು ಯೋಜನೆಯೇ ಹೇಳುತ್ತದೆ. ಹಾಗೆಂದರೆ ಜೀಪು ಬೇಡ, ಸಮವಸ್ತ್ರ ಬೇಡ, ಊರು ಬೇಡ. ಸಾಕ್ಷಿಯ ಸಂಬಂಧಿಕರ ಮನೆಯೋ ತಾಲ್ಲೂಕು ಕೇಂದ್ರದ ಯಾವುದಾದರೂ ಕಚೇರಿಯೋ ಸಾಕು. ಈ ಒಂದು ಸೂಚನೆ ನಿಮ್ಮಿಂದ ಲಿಖಿತವಾಗಿ ಉಪವಿಭಾಗಗಳಿಗೆ ಹೋಗಲಿ.

ವರದಿಯು ಬೆದರಿಕೆಯನ್ನು ಮೂರು ವರ್ಗಗಳಲ್ಲಿ ಒಂದಕ್ಕೆ ಸೇರಿಸುತ್ತದೆ. ಸಾಕ್ಷಿಯ ಅಥವಾ ಮನೆಯವರ ಪ್ರಾಣಕ್ಕೇ ಅಪಾಯವಿದ್ದರೆ ಎ. ಸುರಕ್ಷತೆ, ಮಾನ, ಆಸ್ತಿಗೆ ಅಪಾಯವಿದ್ದರೆ ಬಿ. ಕಿರುಕುಳ, ಹೆದರಿಸುವಿಕೆಯಂಥ ಮಧ್ಯಮ ಮಟ್ಟದ್ದಾದರೆ ಸಿ. ಅಮ್ಮನದು ಬಿ ಎಂದು ಬಂತು. ನಾನು ಎ ಎಂದು ವಾದಿಸಬಹುದಿತ್ತು, ವಾದಿಸಲಿಲ್ಲ. ವರ್ಗದ ಅಕ್ಷರಕ್ಕಿಂತ, ಯಾವ ಕ್ರಮಗಳು ಸಿಗುತ್ತವೆ ಎಂಬುದು ನನಗೆ ಮುಖ್ಯವಾಗಿತ್ತು. ಆದೇಶ ಸರಿಯಿಲ್ಲ ಎನಿಸಿದವರು ಹದಿನೈದು ದಿನಗಳೊಳಗೆ ಪುನರ್‌ಪರಿಶೀಲನೆ ಕೇಳಬಹುದು.

ಸಾಕ್ಷಿ ಸಂರಕ್ಷಣೆ ಎಂದರೆ ಜನ ಹೆಸರು ಬದಲಿಸಿ, ಊರು ಬಿಡಿಸಿ, ಬೇರೆ ಬದುಕು ಕಟ್ಟಿಕೊಡುವುದು ಎಂದುಕೊಳ್ಳುತ್ತಾರೆ. ಗುರುತು ಬದಲಾವಣೆ, ಸ್ಥಳಾಂತರ ಎರಡೂ ಯೋಜನೆಯಲ್ಲಿವೆ ನಿಜ, ಅವನ್ನು ಜಾರಿಗೊಳಿಸುವುದು ಗೃಹ ಇಲಾಖೆ. ಆದರೆ ಹಳ್ಳಿಯಲ್ಲಿ ಗುರುತು ಮುಚ್ಚಿಡುವುದೆಂದರೆ ಏನು? ಬಸ್ ನಿಲ್ದಾಣದ ಎದುರಿನ ಹೋಟೆಲಿನಾಕೆ ಯಾರೆಂಬುದು ಮಗುವಿಗೂ ಗೊತ್ತು. ಊರು ಬಿಟ್ಟರೆ ಹೋಟೆಲು ಮುಚ್ಚಬೇಕು. "ನಾನು ಯಾಕೆ ಊರು ಬಿಡಬೇಕು, ಕೊಂದವಳು ನಾನಲ್ಲವಲ್ಲ" ಎಂದು ಅವರು ಕೇಳಿದ್ದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಅವರಿಗೆ ಬೇಕಾಗಿದ್ದದ್ದು ಬಹಳ ಸಣ್ಣ ಸಂಗತಿಗಳು. ಊರಿನಿಂದ ನ್ಯಾಯಾಲಯಕ್ಕೆ ಹೋಗುವ ಬಸ್ಸಿನಲ್ಲಿ ಆರೋಪಿಗಳ ಕಡೆಯವರೂ ಇರುತ್ತಾರೆ. ನ್ಯಾಯಾಲಯದ ವರಾಂಡದಲ್ಲಿ ಒಂದೇ ಬೆಂಚು. ಕರೆ ಬರುವವರೆಗೆ ಮೂರು ಗಂಟೆ ಅವರ ಕಣ್ಣೆದುರು ಕೂರಬೇಕು. ಕಟಕಟೆಯಲ್ಲಿ ನಿಂತರೆ ಎದುರಿಗೇ ಅವರು.

ಇವೆಲ್ಲಕ್ಕೂ ಯೋಜನೆಯಲ್ಲಿ ಉತ್ತರವಿದೆ. ಸರ್ಕಾರಿ ವಾಹನದಲ್ಲಿ ಬೆಂಗಾವಲಿನೊಂದಿಗೆ ಕರೆತಂದು ಬಿಡುವುದು, ಆರೋಪಿಯ ಮುಖಾಮುಖಿ ತಪ್ಪಿಸುವುದು, ಪರದೆ ಅಥವಾ ವಿಡಿಯೊ ಸಂಪರ್ಕದ ಮೂಲಕ ಸಾಕ್ಷ್ಯ ಪಡೆಯುವುದು, ಜೊತೆಗೆ ಒಬ್ಬ ಆಪ್ತರು ಕೂರಲು ಅನುಮತಿ, ಮನೆಗೆ ಸಿಸಿಟಿವಿ, ಫೋನ್ ನಂಬರಿನ ಬದಲಾವಣೆ, ಅಗತ್ಯವಿದ್ದರೆ ಸಂರಕ್ಷಣಾ ನಿಧಿಯಿಂದ ಹಣದ ನೆರವು. ಏನು ಬೇಕೆಂದು ಸಾಕ್ಷಿಯನ್ನೇ ಕೇಳಬೇಕು. ಅಮ್ಮ ಮನೆಯ ಮುಂದೆ ಪೊಲೀಸ್ ಕಾವಲು ಬೇಡವೆಂದರು. ಕಾವಲಿದ್ದರೆ ಗಿರಾಕಿಗಳು ಬರುವುದಿಲ್ಲ ಎಂಬುದು ಅವರ ಲೆಕ್ಕ, ಅದು ಸರಿಯಾದ ಲೆಕ್ಕ. ವಾಹನ, ಬೇರೆ ಕೋಣೆ, ಪರದೆ, ಜೊತೆಗೆ ಅವರ ತಂಗಿ. ಇಷ್ಟಕ್ಕೆ ಆದೇಶವಾಯಿತು.

ಅಧ್ಯಕ್ಷರೇ, ಐದನೆಯದಾಗಿ ನಾವು ಕೇಳಿದ್ದೇ ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ರಕ್ಷಣೆ: ಅಭಿಯೋಜಕರು ಸಾಕ್ಷಿಯನ್ನು ಕೇಳುವ ಮುಖ್ಯ ವಿಚಾರಣೆ ಮತ್ತು ಆರೋಪಿಗಳ ವಕೀಲರು ಕೇಳುವ ಪಾಟಿ ಸವಾಲು ಒಂದೇ ದಿನ ಮುಗಿಯಬೇಕು. ಬೆದರಿಸುವವರ ಲೆಕ್ಕಾಚಾರವನ್ನು ಯೋಚಿಸಿ ನೋಡಿ. ಅವರಿಗೆ ಬೇಕಾದದ್ದು ಸಾಕ್ಷಿಯ ಮಾತು ಬದಲಾಗುವುದು. ಪಾಟಿ ಸವಾಲು ಮುಗಿದು ಸಹಿ ಬಿದ್ದ ಮೇಲೆ ಬದಲಿಸಲು ಮಾತೇ ಉಳಿದಿರುವುದಿಲ್ಲ. ಸೇಡಿನ ಭಯ ಉಳಿಯಬಹುದು, ಆದರೆ ಒತ್ತಡದ ಲಾಭ ಹೋಗುತ್ತದೆ. ಅತ್ಯಂತ ಅಪಾಯದ ಕಾಲವೆಂದರೆ ಮುಖ್ಯ ವಿಚಾರಣೆಯಲ್ಲಿ ಹೆಸರು ಹಿಡಿದು ಹೇಳಿಯಾದ ಮೇಲೆ, ಪಾಟಿ ಸವಾಲಿಗೆ ವಾಯಿದೆ ಬಿದ್ದ ದಿನಗಳು. 2015ರಲ್ಲಿ ಪಂಜಾಬಿನ ವಿನೋದ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ನೋಡಿ ನೊಂದುಕೊಂಡಿತ್ತು. ಅಲ್ಲಿ ಮುಖ್ಯ ವಿಚಾರಣೆಗೂ ಪಾಟಿ ಸವಾಲಿಗೂ ನಡುವೆ ಇಪ್ಪತ್ತು ತಿಂಗಳು ಕಳೆದಿತ್ತು, ಅಷ್ಟರಲ್ಲಿ ಸಾಕ್ಷಿ ಮಾತು ತಿರುಗಿಸಿದ್ದ. ಸಾಕ್ಷಿಗಳು ಹಾಜರಿರುವಾಗ ವಿಶೇಷ ಕಾರಣ ಬರೆಯದೆ ವಿಚಾರಣೆ ಮುಂದೂಡಬಾರದು ಎಂದು ನಾಗರಿಕ ಸುರಕ್ಷಾ ಸಂಹಿತೆಯ 346ನೇ ಕಲಂ ಹೇಳುತ್ತದೆ. ಇದಕ್ಕೆ ಜೀಪು ಬೇಕಿಲ್ಲ, ಪೊಲೀಸರು ಬೇಕಿಲ್ಲ, ನಿಧಿ ಬೇಕಿಲ್ಲ.

ಅಮ್ಮನ ವಿಷಯದಲ್ಲಿ ಮೊದಲ ವಾಯಿದೆಯ ದಿನ ಆರೋಪಿಗಳ ವಕೀಲರಿಗೆ ಜ್ವರ. ಎರಡನೆಯ ವಾಯಿದೆಯಂದು ಒಬ್ಬ ಆರೋಪಿ ಗೈರು. ಇಷ್ಟರಲ್ಲಿ ನಾನು ಎಣಿಸದೆ ಬಿಟ್ಟಿದ್ದ ಒಂದು ಲೆಕ್ಕ ಎದುರಾಯಿತು. ರಕ್ಷಣೆಯ ಆದೇಶ ಒಮ್ಮೆಗೆ ಮೂರು ತಿಂಗಳು ಮೀರುವಂತಿಲ್ಲ. ಮೂರನೆಯ ವಾಯಿದೆ ಬೀಳುವ ಹೊತ್ತಿಗೆ ಆದೇಶದ ಅವಧಿ ಒಂಬತ್ತು ದಿನ ಮೊದಲೇ ಮುಗಿಯುತ್ತಿತ್ತು. ವಾಹನ ಬರುತ್ತಿರಲಿಲ್ಲ, ಆಕೆ ಮತ್ತೆ ಅದೇ ಬಸ್ಸಿನಲ್ಲಿ ಅದೇ ಜನರೊಡನೆ ಬರಬೇಕಿತ್ತು. ಕಡತ ತಿರುವುತ್ತಿದ್ದಾಗ ಆಕಸ್ಮಿಕವಾಗಿ ಕಣ್ಣಿಗೆ ಬಿದ್ದು, ಓಡಿಹೋಗಿ ಮುಂದುವರಿಕೆಗೆ ಅರ್ಜಿ ಕೊಟ್ಟೆ. ಈಗ ನಾನು ಹತ್ತನೆಯ ವಾರಕ್ಕೇ ಗುರುತು ಹಾಕಿಕೊಳ್ಳುತ್ತೇನೆ. ಆದರೆ ವಕೀಲರೇ ಇಲ್ಲದ ಸಾಕ್ಷಿಗೆ ಇದನ್ನು ಯಾರು ನೆನಪಿಸುತ್ತಾರೆ? ಆದೇಶವನ್ನು ಜಾರಿ ಮಾಡುವ ಪೊಲೀಸರ ಸಂರಕ್ಷಣಾ ಘಟಕ ಪ್ರತಿ ತಿಂಗಳು ನಿಮಗೆ ವರದಿ ಕೊಡಬೇಕೆಂಬ ನಿಯಮವಿದೆ. ಆ ವರದಿಯ ಮೊದಲ ಸಾಲಿನಲ್ಲೇ ಎರಡು ದಿನಾಂಕಗಳಿರಲಿ: ಆದೇಶ ಮುಗಿಯುವುದು ಯಾವಾಗ, ಸಾಕ್ಷಿಯ ಮುಂದಿನ ವಾಯಿದೆ ಯಾವಾಗ.

ಮೂರನೆಯ ವಾಯಿದೆಯಂದು ಅವರು ಸಾಕ್ಷಿ ಹೇಳಿದರು. ಬೆಳಿಗ್ಗೆ ಹನ್ನೊಂದೂವರೆಗೆ ಶುರುವಾಗಿ ಸಂಜೆ ನಾಲ್ಕಕ್ಕೆ ಮುಗಿಯಿತು. ಪಾಟಿ ಸವಾಲಿನಲ್ಲಿ, ಪೊಲೀಸ್ ವಾಹನದಲ್ಲಿ ಬಂದಿದ್ದೀರಿ, ಅವರು ಹೇಳಿಕೊಟ್ಟದ್ದನ್ನೇ ಹೇಳುತ್ತಿದ್ದೀರಿ ಎಂದರು. ಆಕೆ ಹೇಳಿದ್ದು ದಾಖಲೆಯಲ್ಲಿದೆ: "ಬಸ್ಸಿನಲ್ಲಿ ಬರಲು ಭಯವಾಗಿತ್ತು, ಅದಕ್ಕೆ ಬಂದೆ. ಕಂಡದ್ದನ್ನು ಅವತ್ತೇ ಹೇಳಿದ್ದೇನೆ." ತೀರ್ಪು ಇನ್ನೂ ಬಂದಿಲ್ಲ. ಅದು ಏನೇ ಬರಲಿ, ಆಕೆ ತನ್ನ ಮಾತನ್ನು ತಾನೇ ನುಂಗಬೇಕಾಗಿ ಬರಲಿಲ್ಲ.

ರಕ್ಷಣೆಯ ಅರ್ಜಿ ಹಾಕಿದರೆ ಬೆದರಿಸಿದವನಿಗೆ ಶಿಕ್ಷೆಯಾಗುವುದಿಲ್ಲ, ಅದಕ್ಕೆ ಬೇರೆ ದಾರಿ. ಸುಳ್ಳು ಸಾಕ್ಷ್ಯ ಹೇಳುವಂತೆ ಬೆದರಿಸುವುದು ಭಾರತೀಯ ನ್ಯಾಯ ಸಂಹಿತೆಯ 232ನೇ ಕಲಮಿನಡಿ ಏಳು ವರ್ಷದವರೆಗೆ ಶಿಕ್ಷೆಯಿರುವ ಅಪರಾಧ. ಇದಕ್ಕೆ ಠಾಣೆಯಲ್ಲಿ ಎಫ್‌ಐಆರ್ ಆಗುವುದಿಲ್ಲ, ನ್ಯಾಯಾಲಯಕ್ಕೇ ಹೋಗಿ ಎಂದು ಹೇಳಿ ಕಳುಹಿಸುವ ಕಾಲವೊಂದಿತ್ತು. 2025ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಕೇರಳದ ಪ್ರಕರಣವೊಂದರಲ್ಲಿ ಆ ಗೊಂದಲವನ್ನು ಬಗೆಹರಿಸಿತು. ಹಳೆಯ ದಂಡ ಸಂಹಿತೆಯ 195ಎ ಕಲಂ, ಅಂದರೆ ಇಂದಿನ 232, ಪೊಲೀಸರೇ ನೇರವಾಗಿ ಎಫ್‌ಐಆರ್ ದಾಖಲಿಸಬಹುದಾದ ಅಪರಾಧ. ನ್ಯಾಯಾಲಯಕ್ಕೆ ದೂರು ಕೊಡುವ ಅವಕಾಶ ಹೆಚ್ಚುವರಿ ದಾರಿ ಮಾತ್ರ. ಠಾಣೆ ನಿರಾಕರಿಸಿದರೆ ದೂರನ್ನು ಅಂಚೆಯಲ್ಲಿ ವರಿಷ್ಠಾಧಿಕಾರಿಗಳಿಗೆ ಕಳುಹಿಸಬಹುದು, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಬಳಿ ಹೋಗಬಹುದು. ಹೋದಲ್ಲೆಲ್ಲ ಸ್ವೀಕೃತಿ ಅಥವಾ ಹಿಂಬರಹ ಕೇಳಿ ಪಡೆಯಬೇಕು. ಜಾಮೀನಿನ ಷರತ್ತು ಮೀರಿ ಆರೋಪಿಯೇ ಸಾಕ್ಷಿಯನ್ನು ಹೆದರಿಸಿದ್ದರೆ, ಅಭಿಯೋಜಕರು ನಾಗರಿಕ ಸುರಕ್ಷಾ ಸಂಹಿತೆಯ 483ನೇ ಕಲಮಿನಡಿ ಜಾಮೀನು ರದ್ದತಿ ಕೇಳಬಹುದು. ದಿನಾಂಕ, ಜಾಗ, ಮಾತು ಬರೆದಿಟ್ಟ ಆ ಪಟ್ಟಿಯೇ ಇಲ್ಲೂ ಕೆಲಸಕ್ಕೆ ಬರುತ್ತದೆ.

ಬೆದರಿಕೆ ಪೊಲೀಸರಿಂದಲೇ ಬಂದಾಗ ಈ ಯೋಜನೆ ಕುಂಟುತ್ತದೆ. ವರದಿ ಬರೆಯುವವರು ಅವರೇ, ಜಾರಿ ಮಾಡುವವರೂ ಅವರೇ. ಅಂಥವರು ಅರ್ಜಿಯಲ್ಲಿ ಅದನ್ನು ಸ್ಪಷ್ಟವಾಗಿ ಬರೆದು, ಸಮಿತಿಯ ಅಧ್ಯಕ್ಷರು ಖುದ್ದಾಗಿ ತಮ್ಮ ಮಾತು ಕೇಳಬೇಕೆಂದು ಕೋರಬೇಕು. ಸಾಲದೆಂದಾದರೆ ಹೈಕೋರ್ಟಿಗೆ ರಿಟ್ ಅರ್ಜಿ ಹಾಕುವುದೇ ದಾರಿ. ಇನ್ನೊಂದು ಭಯವನ್ನೂ ನಾನು ಬಹಳ ಕೇಳಿದ್ದೇನೆ: ಬೆದರಿಕೆ ಸಾಬೀತಾಗದಿದ್ದರೆ ಖರ್ಚು ನಮ್ಮ ತಲೆಗೆ ಕಟ್ಟುತ್ತಾರಂತೆ! ವಸೂಲಿಯ ನಿಯಮ ಇರುವುದು ಸುಳ್ಳು ದೂರು ಕೊಟ್ಟವರಿಗೆ. ನಿಜವಾಗಿ ಹೆದರಿದವರು, ನಡೆದದ್ದನ್ನು ನಡೆದಷ್ಟೇ ಬರೆದವರು ಅದಕ್ಕೆ ಅಂಜಬೇಕಿಲ್ಲ.

ಇನ್ನು ನನ್ನ ಕೋರಿಕೆ. ಯೋಜನೆಗೆ ವ್ಯಾಪಕ ಪ್ರಚಾರ ಕೊಡಬೇಕು, ತನಿಖಾಧಿಕಾರಿಯೂ ನ್ಯಾಯಾಲಯವೂ ಸಾಕ್ಷಿಗಳಿಗೆ ಅದರ ಬಗ್ಗೆ ತಿಳಿಸಬೇಕು ಎಂದು ಯೋಜನೆಯಲ್ಲೇ ಇದೆ. ಅಮ್ಮನಿಗೆ ತನಿಖೆಯ ದಿನದಿಂದ ಸಮನ್ಸಿನ ದಿನದವರೆಗೆ ಯಾರೂ ತಿಳಿಸಲಿಲ್ಲ. ಪ್ರತಿ ಸೆಷನ್ಸ್ ಪ್ರಕರಣದ ಸಾಕ್ಷಿಯ ಮನೆಗೆ ಸಮನ್ಸ್ ಹೇಗೂ ಹೋಗುತ್ತದೆ. ಅದರ ಜೊತೆಗೆ ಅರ್ಧ ಪುಟದ ಒಂದು ಹಾಳೆ ಹೋಗಲಿ, ಹಿಂಬದಿಯಲ್ಲಿ ಅರ್ಜಿಯ ನಮೂನೆ ಅಚ್ಚಾಗಿರಲಿ. ನಾನು ಬರೆದ ಕರಡು ಇದು, ತಿದ್ದಿಕೊಳ್ಳಿ:

"ನಿಮ್ಮನ್ನು ಸಾಕ್ಷಿಯಾಗಿ ಕರೆಯಲಾಗಿದೆ. ಸಾಕ್ಷಿ ಹೇಳದಂತೆ ಅಥವಾ ಮಾತು ಬದಲಿಸುವಂತೆ ನಿಮ್ಮನ್ನಾಗಲಿ ಮನೆಯವರನ್ನಾಗಲಿ ಯಾರಾದರೂ ಹೆದರಿಸಿದರೆ, ಒತ್ತಾಯಿಸಿದರೆ, ಜಿಲ್ಲಾ ಸಾಕ್ಷಿ ಸಂರಕ್ಷಣಾ ಸಮಿತಿಗೆ ಅರ್ಜಿ ಕೊಡಬಹುದು. ನಿಮ್ಮ ಪರವಾಗಿ ಮನೆಯವರು, ವಕೀಲರು, ಪೊಲೀಸ್ ಅಧಿಕಾರಿ ಕೂಡ ಕೊಡಬಹುದು. ಯಾರು, ಯಾವ ದಿನ, ಎಲ್ಲಿ, ಏನು ಹೇಳಿದರು ಎಂದು ಬರೆಯಿರಿ. ಅರ್ಜಿಯನ್ನು ಜಿಲ್ಲಾ ಅಭಿಯೋಜನಾ ಕಚೇರಿಯಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ. ತುರ್ತು ರಕ್ಷಣೆ ಬೇಕಿದ್ದರೆ ಅದನ್ನೂ ಬರೆಯಿರಿ. ವಿಚಾರಣೆ ಗೋಪ್ಯವಾಗಿರುತ್ತದೆ. ರಕ್ಷಣೆ ಮೂರು ತಿಂಗಳಿಗೆ ಸಿಗುತ್ತದೆ, ಮುಗಿಯುವ ಮೊದಲೇ ಮುಂದುವರಿಸಲು ಕೇಳಿ. ಕಾನೂನು ಸಹಾಯಕ್ಕೆ ಕಾನೂನು ಸೇವಾ ಪ್ರಾಧಿಕಾರದ 15100ಕ್ಕೆ, ಕೂಡಲೇ ಅಪಾಯವಿದ್ದರೆ 112ಕ್ಕೆ ಕರೆ ಮಾಡಿ."

ಒಂದು ಎಚ್ಚರಿಕೆ. ಈ ಹಾಳೆ ಎಲ್ಲ ಸಾಕ್ಷಿಗಳಿಗೂ ಹೋಗಬೇಕು, ಹೆದರಿದ್ದಾರೆಂದು ನಿಮಗೆ ಅನಿಸಿದವರಿಗೆ ಮಾತ್ರವಲ್ಲ. ಆಯ್ದು ಕೆಲವರಿಗೆ ಕೊಟ್ಟರೆ, ಕೈಯಲ್ಲಿ ಆ ಹಾಳೆ ಹಿಡಿದಿರುವುದೇ ಊರಿಗೆ ಗುರುತಾಗಿಬಿಡುತ್ತದೆ.

ಗೌರವಪೂರ್ವಕವಾಗಿ,
ಜಿಲ್ಲೆಯ ಒಬ್ಬ ವಕೀಲ